‘ಬಣ್ಣ ಬಿಡುವುದಿಲ್ಲ’ ಎಂದು ಬರೆದಿದ್ದೆ: ನೀಲಿ ಸ್ಕಾರ್ಫಿನ ವಿವರಣೆ ತಿದ್ದಿದ ಏಳು ವಾರ

ನಮ್ಮ ಮನೆಯಲ್ಲಿ ಬಣ್ಣ ಹಾಕುವುದು ಅಕ್ಕ, ಬರೆಯುವುದು ನಾನು. ಅವಳು ಇಂಡಿಗೊ ಎಂಬ ನೀಲಿ ಬಣ್ಣದ ತೊಟ್ಟಿಯಲ್ಲಿ ಸ್ಕಾರ್ಫು, ದಿಂಬಿನ ಕವರು, ಚೀಲ ಅದ್ದಿ ತೆಗೆಯುತ್ತಾಳೆ. ಆನ್‌ಲೈನ್‌ನಲ್ಲಿ ಮಾರುವಾಗ ಫೋಟೋ ಕೆಳಗೆ ಬರುವ ನಾಲ್ಕು ಸಾಲು ನನ್ನದು. ಒಟ್ಟು 34 ವಸ್ತುಗಳ ವಿವರಣೆಯನ್ನು ಹೊಸದಾಗಿ ಬರೆದು ಮುಗಿಸಿ ಇವತ್ತಿಗೆ ಮೂರು ದಿನ ಆಯಿತು. ಎರಡು ಸಂಜೆಯ ಕೆಲಸ ಅಂದುಕೊಂಡಿದ್ದೆ. ಏಳು ವಾರ ಹಿಡಿಯಿತು. ನೀವೂ ಕೈಯಿಂದ ಮಾಡಿದ ವಸ್ತುಗಳ ಬಗ್ಗೆ ಬರೆಯಲು ಕೂತಿದ್ದರೆ ಇದರಲ್ಲಿ ಎರಡು ವಾರವಾದರೂ ನಿಮಗೆ ಉಳಿಯಲಿ ಎಂದು ಬರೆಯುತ್ತಿದ್ದೇನೆ.

ಶುರುವಾಗಿದ್ದು ಒಂದು ಫೋಟೋದಿಂದ. ಗಾಢ ನೀಲಿ ಸ್ಕಾರ್ಫ್ ಕೊಂಡಿದ್ದ ಒಬ್ಬರು ತಮ್ಮ ಬಿಳಿ ಅಂಗಿಯ ಕಾಲರ್ ಫೋಟೋ ಕಳಿಸಿದ್ದರು. ಕಾಲರ್ ಉದ್ದಕ್ಕೂ ನೀಲಿ ಪಟ್ಟಿ. ಕೆಳಗೆ ನನ್ನದೇ ವಾಕ್ಯವನ್ನು ಕತ್ತರಿಸಿ ಅಂಟಿಸಿದ್ದರು: ‘ಬಣ್ಣ ಬಿಡುವುದಿಲ್ಲ.’ ಬೈಗುಳ ಒಂದೂ ಇರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಹಣ ವಾಪಸ್ ಕೊಟ್ಟೆವು. ಕೊರಿಯರ್ ಖರ್ಚು ಹೋಗುವಾಗಲೂ ಬರುವಾಗಲೂ ನಮ್ಮದೇ. ವಾಪಸ್ ಬಂದ ಸ್ಕಾರ್ಫನ್ನು ಅಕ್ಕ ತಿರುಗಿಸಿ ನೋಡಿ, “ಇದರಲ್ಲಿ ಏನೂ ತಪ್ಪಿಲ್ಲವಲ್ಲ, ಹೊಸ ಇಂಡಿಗೊ ಹೀಗೇ ಇರೋದು” ಅಂದಳು. ನಾನು ವಿವರಣೆ ಓದಿ ಹೇಳಿದೆ. ಆಗ ಅವಳು ಕೇಳಿದ್ದು: “ಬಣ್ಣ ಬಿಡಲ್ಲ ಅಂತ ನಿನಗೆ ಯಾರು ಹೇಳಿದ್ದು?”

ಯಾರೂ ಹೇಳಿರಲಿಲ್ಲ. ಎಲ್ಲರೂ ಹಾಗೆ ಬರೆಯುತ್ತಾರೆ ಎಂದು ನಾನೂ ಬರೆದಿದ್ದೆ.

ಹಳೆಯ ವಿವರಣೆ ಪೂರ್ತಿ ಹೀಗಿತ್ತು. ಮುಜುಗರ ಆದರೂ ಇಲ್ಲಿ ಹಾಕುತ್ತೇನೆ:

‘ಸಾಂಪ್ರದಾಯಿಕ ಕಲೆಯ ಸೊಬಗು ಈಗ ನಿಮ್ಮ ಹೆಗಲ ಮೇಲೆ! ಪ್ರೀತಿಯಿಂದ ಕೈಯಾರೆ ತಯಾರಿಸಿದ, ರಾಸಾಯನಿಕ ರಹಿತ, ನೂರಕ್ಕೆ ನೂರು ಹತ್ತಿಯ ಸ್ಕಾರ್ಫ್. ಬಣ್ಣ ಬಿಡುವುದಿಲ್ಲ. ಮೊದಲ ಸಲ ಉಪ್ಪು ನೀರಿನಲ್ಲಿ ನೆನೆಸಿ ಒಗೆಯಿರಿ.’

ಅಕ್ಕನಿಗೆ ಇದನ್ನು ಜೋರಾಗಿ ಓದಿ ಹೇಳಿದೆ. ಒಂದೊಂದು ತುಂಡಿಗೂ ಅವಳ ಬಳಿ ಒಂದೊಂದು ಮಾತಿತ್ತು. “ರಾಸಾಯನಿಕ ರಹಿತ ಅಂತೀಯಲ್ಲ, ನಾನು ತೊಟ್ಟಿಗೆ ಹಾಕೋ ಸುಣ್ಣ ಏನು ಮತ್ತೆ? ಸೋಡಾ ಏನು?” ಉಪ್ಪಿನ ಮಾತಿಗೆ ನಕ್ಕೇಬಿಟ್ಟಳು. “ಉಪ್ಪು ಹಾಕಿದ ಮಾತ್ರಕ್ಕೆ ಇಂಡಿಗೊ ನಿಲ್ಲಲ್ಲ. ಹಾಕದೇ ಇದ್ದ ಮಾತ್ರಕ್ಕೆ ಹೋಗೋದೂ ಇಲ್ಲ.” ಅಷ್ಟು ಚಿಕ್ಕ ವಿವರಣೆಯಲ್ಲಿ ಕಣ್ಣು ಮುಚ್ಚಿ ನಂಬಬಹುದಾಗಿದ್ದ ಮಾತು ‘ಕೈಯಾರೆ’ ಮತ್ತು ‘ಹತ್ತಿ’ ಎರಡೇ ಅಂತ ಆವತ್ತು ಅಂದುಕೊಂಡೆ. ಹತ್ತಿಯೂ ಕೈ ಕೊಟ್ಟಿತು, ಅದು ಮುಂದೆ ಬರುತ್ತದೆ.

ಬರೆಯುವ ಮೊದಲು ಮೂರು ಸಂಜೆ ಕೂತು ಒಂದು ವರ್ಷದ ಹಳೆಯ ಮೆಸೇಜುಗಳನ್ನೆಲ್ಲ ಓದಿದೆ. ಮಾಡಿದ್ದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಕೆಲಸ ಇದೇ. ಪ್ರಶ್ನೆ ಕೇಳಿದ್ದ ಮೆಸೇಜು 61 ಇದ್ದವು. ಅವುಗಳಲ್ಲಿ 36 ಎರಡೇ ವಿಷಯದ ಬಗ್ಗೆ: ಬಣ್ಣ ಹೋಗುತ್ತದಾ, ಮಷೀನಿಗೆ ಹಾಕಬಹುದಾ. ಉಳಿದವು ಅಳತೆ, ಯಾವಾಗ ತಲುಪುತ್ತದೆ, ಇಂಥವು. ಸೊಬಗಿನ ಬಗ್ಗೆ ಒಬ್ಬರೂ ಕೇಳಿರಲಿಲ್ಲ. ‘ಇದಕ್ಕೆ ಇಷ್ಟು ದುಡ್ಡು ಯಾಕೆ’ ಎಂದು ಐದು ಜನ ಕೇಳಿದ್ದರು. ಅದಕ್ಕೆ ಉತ್ತರ ಅಕ್ಕನ ಕೆಲಸದ ದಿನದಲ್ಲಿತ್ತು, ನನ್ನ ವಿವರಣೆಯಲ್ಲಿ ಇರಲಿಲ್ಲ.

ಹಾಗಾಗಿ ಒಂದು ಭಾನುವಾರ ನೋಟ್‌ಬುಕ್ ಹಿಡಿದು ಅವಳ ತೊಟ್ಟಿ ಪಕ್ಕ ಕೂತೆ. ಅಕ್ಕ ಬಣ್ಣ ಹಾಕುವುದನ್ನು ವರ್ಷಗಳಿಂದ ನೋಡಿದ್ದೆ. ಗಡಿಯಾರ ಇಟ್ಟುಕೊಂಡು ನೋಡಿದ್ದು ಅದೇ ಮೊದಲು.

ಹಿಂದಿನ ದಿನವೇ ಬಟ್ಟೆಯನ್ನು ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಎರಡು ಗಂಟೆ ಕುದಿಸಿಟ್ಟಿದ್ದಳು. ನೂಲಿಗೆ ಮೆತ್ತಿರುವ ಜಿಡ್ಡು, ಗಂಜಿ ಹೋಗದಿದ್ದರೆ ಬಣ್ಣ ಕಲೆಕಲೆಯಾಗಿ ಹಿಡಿಯುತ್ತದೆ. ತೊಟ್ಟಿಯಲ್ಲಿ ಇಂಡಿಗೊ ಪುಡಿ, ಸುಣ್ಣ, ಫ್ರಕ್ಟೋಸ್ ಎಂಬ ಹಣ್ಣಿನ ಸಕ್ಕರೆ. ತೂಕದಲ್ಲಿ ಇಂಡಿಗೊ ಒಂದು ಪಾಲಾದರೆ ಸುಣ್ಣ ಎರಡು, ಸಕ್ಕರೆ ಮೂರು. ಇಂಡಿಗೊ ತಾನಾಗಿ ನೀರಿನಲ್ಲಿ ಕರಗುವುದಿಲ್ಲ. ಸುಣ್ಣ ಮತ್ತು ಸಕ್ಕರೆ ಸೇರಿ ಅದನ್ನು ಕರಗುವ ಹಾಗೆ ಮಾಡುತ್ತವೆ. ಆಗ ನೀರು ನೀಲಿ ಇರುವುದಿಲ್ಲ, ಹಳದಿ ಹಸಿರು ಇರುತ್ತದೆ. ಬಟ್ಟೆಯನ್ನು ಒಳಗೆ ಬಿಟ್ಟು, ಗುಳ್ಳೆ ಏಳದ ಹಾಗೆ ಕೈಯಾಡಿಸಿ, ಕೆಲವು ನಿಮಿಷದ ಮೇಲೆ ನಿಧಾನವಾಗಿ ತೆಗೆದಳು. ಹಸಿರಾಗಿ ಬಂತು. ನಾವು ನೋಡುತ್ತಿದ್ದ ಹಾಗೇ ಅಂಚಿನಿಂದ ನೀಲಿಯಾಗುತ್ತ ಹೋಯಿತು. ಗಾಳಿ ತಾಗಿದ ಕೂಡಲೇ ಇಂಡಿಗೊ ಮತ್ತೆ ಕರಗದ ರೂಪಕ್ಕೆ ಬಂದು ನೂಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಪೂರ್ತಿ ನೀಲಿಯಾಗಲು ಬಿಟ್ಟು, ಮತ್ತೆ ಅದ್ದುವುದು. ಗಾಢ ಸ್ಕಾರ್ಫಿಗೆ ಹೀಗೆ ಎಂಟು ಸಲ. ತಿಳಿ ನೀಲಿಗೆ ಎರಡೇ ಸಲ.

ನಡುವೆ ಅವಳು ಹೇಳಿದ ಒಂದು ಮಾತಿನಲ್ಲಿ ಇಡೀ ಕಾಲರ್ ಪ್ರಕರಣಕ್ಕೆ ಉತ್ತರ ಸಿಕ್ಕಿತು. “ಬೇರೆ ಕೆಲವು ಬಣ್ಣಗಳು ನೂಲಿನ ಜೊತೆ ಗಂಟು ಹಾಕಿಕೊಳ್ಳುತ್ತವೆ. ಇಂಡಿಗೊ ಸುಮ್ನೆ ಬಂದು ಕೂತುಕೊಳ್ಳುತ್ತೆ. ಎಂಟು ಸಲ ಅದ್ದಿದರೆ ಎಂಟು ಪದರ. ಮೇಲಿನ ಪದರ ಸಡಿಲ, ಉಜ್ಜಿದರೆ ಬರುತ್ತೆ.” ಅಂದರೆ ಬಣ್ಣ ಗಾಢವಾದಷ್ಟೂ ಉಜ್ಜಿದಾಗ ಅಂಟುವುದು ಜಾಸ್ತಿ. ನಾವು ಯಾವುದನ್ನು ‘ಅತ್ಯುತ್ತಮ’ ಎಂದು ಜಾಸ್ತಿ ಬೆಲೆಗೆ ಮಾರುತ್ತಿದ್ದೆವೋ ಅದೇ ಕಾಲರಿಗೆ ಅಂಟುವುದು. ಇದನ್ನು ಮುಚ್ಚಿಡುವುದಕ್ಕಿಂತ, ಎಂಟು ಸಲ ಅದ್ದಿದ ಕಥೆಯ ಜೊತೆಗೇ ಹೇಳಿಬಿಟ್ಟರೆ ಓದುವವರಿಗೆ ಎರಡೂ ಒಟ್ಟಿಗೆ ಅರ್ಥವಾಗುತ್ತದಲ್ವಾ ಎಂದು ನನಗೆ ಹೊಳೆದದ್ದು ಆಗ. ಅಲ್ಲಿಯವರೆಗೆ ‘ಹೇಗೆ ಮಾಡಿದೆವು’ ಒಂದು ಕಡೆ, ‘ಹೇಗೆ ಒಗೆಯಬೇಕು’ ಇನ್ನೊಂದು ಕಡೆ ಎಂದು ತಲೆಯಲ್ಲಿ ಬೇರೆಬೇರೆ ಇಟ್ಟುಕೊಂಡಿದ್ದೆ.

ಆದರೆ ‘ಸ್ವಲ್ಪ ಅಂಟುತ್ತದೆ’ ಎಂದು ಬರೆಯಲು ಎಷ್ಟು, ಎಲ್ಲಿಯವರೆಗೆ ಎಂದು ಗೊತ್ತಿರಬೇಕು. ಇನ್ನೊಂದು ಸಲ ಅಂದಾಜಿನ ಮೇಲೆ ಬರೆಯುವ ಧೈರ್ಯ ನನಗಿರಲಿಲ್ಲ. ಬಟ್ಟೆ ಪರೀಕ್ಷಿಸುವ ಲ್ಯಾಬುಗಳಲ್ಲಿ ಬಿಳಿ ಹತ್ತಿ ಬಟ್ಟೆಯಿಂದ ಹತ್ತು ಸಲ ಉಜ್ಜಿ ನೋಡುತ್ತಾರೆ, ಒಣ ಬಟ್ಟೆಯಿಂದ ಒಮ್ಮೆ, ಒದ್ದೆ ಬಟ್ಟೆಯಿಂದ ಒಮ್ಮೆ. ಅವರ ಯಂತ್ರ ನಮ್ಮಲ್ಲಿ ಎಲ್ಲಿಂದ ಬರಬೇಕು? ಬೆರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಹತ್ತು ಸಲ ಹಿಂದೆ ಮುಂದೆ ಉಜ್ಜಿದೆ. ಆ ಬಿಳಿ ತುಂಡನ್ನು ಒಂದು ಹಾಳೆಗೆ ಅಂಟಿಸಿ ‘ಗಾಢ, ಒಗೆಯದ್ದು, ಒಣ’ ಎಂದು ಬರೆದೆ. ಆಮೇಲೆ ಸ್ಕಾರ್ಫ್ ಒಗೆದು, ಒಣಗಿಸಿ, ಮತ್ತೆ ಉಜ್ಜಿದೆ. ಎರಡು ದಿನಕ್ಕೊಂದು ಒಗೆತ, ಒಟ್ಟು ಆರು ಒಗೆತ. ಕೆಲಸ ಸುಲಭ, ಕಾಯುವುದೇ ಬೇಸರ.

ಹಾಳೆ ಮುಗಿದಾಗ ಕಣ್ಣಿಗೆ ಹೊಡೆಯುವ ಹಾಗೆ ಕಂಡದ್ದು ಒಣ ಮತ್ತು ಒದ್ದೆಯ ವ್ಯತ್ಯಾಸ. ಗಾಢ ಸ್ಕಾರ್ಫಿನಿಂದ ಒಣ ಬಟ್ಟೆಗೆ ಅಂಟುವುದು ಎರಡು ಒಗೆತಕ್ಕೇ ನಿಂತಿತ್ತು. ಒದ್ದೆ ಬಟ್ಟೆಗೆ ನಾಲ್ಕನೇ ಒಗೆತದವರೆಗೂ ಚೆನ್ನಾಗಿಯೇ ಅಂಟುತ್ತಿತ್ತು. ಆರನೆಯದಾದ ಮೇಲೂ ಒಂದು ಮಸುಕು ನೀಲಿ ಇತ್ತು. ಕಾಲರಿಗೆ ಅಂಟಿದ್ದು ಯಾಕೆ ಎಂದು ಈಗ ಗೊತ್ತಾಯಿತು: ಕತ್ತಿನ ಬೆವರು. ತಿಳಿ ನೀಲಿ ಸ್ಕಾರ್ಫಿನ ಸಾಲಿನಲ್ಲಿ ಮೊದಲ ಒಗೆತದ ನಂತರ ಎಲ್ಲ ತುಂಡೂ ಬೆಳ್ಳಗೇ ಇದ್ದವು. ಉಪ್ಪು ನೀರಿನಲ್ಲಿ ನೆನೆಸಿದ ಒಂದು ಚೂರನ್ನೂ, ನೆನೆಸದ ಒಂದನ್ನೂ ಪಕ್ಕಪಕ್ಕ ಉಜ್ಜಿದೆ. ಯಾವುದು ಯಾವುದೆಂದು ಹಿಂದೆ ಬರೆದಿಟ್ಟಿರದಿದ್ದರೆ ನನಗೇ ಗೊತ್ತಾಗುತ್ತಿರಲಿಲ್ಲ.

ಇದರ ಜೊತೆಗೇ ಒಂದು ಉದ್ದ ಚೂರನ್ನು ಬಿಸಿಲು ಬೀಳುವ ಕಿಟಕಿಗೆ ಕಟ್ಟಿ, ಅರ್ಧಕ್ಕೆ ರಟ್ಟು ಮುಚ್ಚಿ ಮೂರು ವಾರ ಬಿಟ್ಟಿದ್ದೆ. ರಟ್ಟು ತೆಗೆದಾಗ ನಡುವೆ ಗೆರೆ ಎದ್ದು ಕಾಣುತ್ತಿತ್ತು. ‘ನೆರಳಲ್ಲಿ ಒಣಗಿಸಿ’ ಎಂಬುದನ್ನು ಅಭ್ಯಾಸಬಲದಿಂದ ಬರೆಯುತ್ತಿದ್ದವಳು ನಾನು. ಈಗ ಯಾಕೆಂದು ಕೇಳಿದರೆ ತೋರಿಸಲು ಒಂದು ಚೂರಿದೆ.

ಇನ್ನು ಹತ್ತಿಯ ಕಥೆ. ಎಂಟೋ ಒಂಬತ್ತೋ ಸ್ಕಾರ್ಫುಗಳು ಒದ್ದೆಯಾದಾಗ ಕೈಗೆ ಬೇರೆ ಥರ ಸಿಗುತ್ತಿದ್ದವು, ಜೋಲುಬಿದ್ದ ಹಾಗೆ. ಅಕ್ಕನಿಗೆ ಮೊದಲೇ ಅನುಮಾನವಿತ್ತಂತೆ. ಬಟ್ಟೆ ಕೊಟ್ಟವರ ಬಿಲ್ ಹುಡುಕಿದರೆ ಅದರಲ್ಲಿ ಬರೀ ‘ಕಾಟನ್ ಬಟ್ಟೆ’ ಎಂದಿತ್ತು. ನೂಲು ಸುಟ್ಟು ನೋಡು ಎಂದರು ಯಾರೋ. ಸುಟ್ಟೆ. ಕಾಗದದ ಹಾಗೆ ಉರಿದು ಬೂದಿಯಾಯಿತು. ಹತ್ತಿಯೇ ಎಂದು ಖುಷಿಪಟ್ಟೆ. ವಿಸ್ಕೋಸ್ ಕೂಡ ಹಾಗೇ ಉರಿಯುತ್ತದೆ ಎಂದು ಆಮೇಲೆ ತಿಳಿಯಿತು. ಅದೂ ಮರದ ತಿರುಳಿನಿಂದ ಬಂದ ನಾರೇ ಅಲ್ವಾ. ಪಾಲಿಯೆಸ್ಟರ್ ಇದ್ದರೆ ಸುಟ್ಟಾಗ ಕರಗಿ ಗಟ್ಟಿ ಮಣಿಯಾಗುತ್ತದೆ, ಅದನ್ನು ಹಿಡಿಯಬಹುದು. ಹತ್ತಿಯಿಂದ ವಿಸ್ಕೋಸನ್ನು ಬೇರೆ ಮಾಡಲು ಬೆಂಕಿ ಸಾಲದು.

ಬಟ್ಟೆ ಕೊಟ್ಟವರಿಗೆ ಬರೆದೆವು. ಉತ್ತರವಿಲ್ಲ. ಫೋನ್ ಮಾಡಿದೆವು, ನೋಡಿ ಹೇಳುತ್ತೇವೆ ಎಂದರು. ಹನ್ನೊಂದನೇ ದಿನ ಒಂದು ಸಾಲು ಬಂತು: ಆ ಥಾನಿನಲ್ಲಿ ಅಡ್ಡ ನೂಲು ವಿಸ್ಕೋಸ್. ವಿಸ್ಕೋಸ್ ಒದ್ದೆಯಾದಾಗ ತುಂಬಾ ದುರ್ಬಲವಾಗುತ್ತದೆ. ಹತ್ತಿ ಹಾಗಲ್ಲ. ಹತ್ತಿ ಎಂದು ನಂಬಿ ಯಾರಾದರೂ ಗಟ್ಟಿಯಾಗಿ ಹಿಂಡಿದ್ದರೆ ಅಲ್ಲೇ ಹರಿಯಬಹುದಿತ್ತು. ಆ ಒಂಬತ್ತು ಸ್ಕಾರ್ಫಿಗೆ ‘ಹತ್ತಿ ಮತ್ತು ವಿಸ್ಕೋಸ್’ ಎಂದು ತಿದ್ದಿ, ಬೇರೆಯೇ ಒಗೆಯುವ ಸಾಲು ಬರೆದೆ. ಅದೇ ಥಾನಿನ ಸ್ಕಾರ್ಫುಗಳನ್ನು ಆಗಲೇ ಕೊಂಡಿದ್ದ ನಾಲ್ಕು ಜನರಿಗೆ ಮೆಸೇಜು ಹಾಕಿದೆವು. ಒಬ್ಬರು ವಾಪಸ್ ಕಳಿಸಿದರು. ಈ ಹನ್ನೊಂದು ದಿನ ನನ್ನ ಬರವಣಿಗೆ ಒಂದಕ್ಷರ ಮುಂದೆ ಹೋಗಲಿಲ್ಲ. ನೀವು ಶುರು ಮಾಡುವವರಾದರೆ ಬಟ್ಟೆ, ಎಣ್ಣೆ, ಮೆರುಗು ಯಾವುದೇ ಇರಲಿ, ಕೊಟ್ಟವರಿಂದ ‘ಇದರಲ್ಲಿ ಏನೇನಿದೆ’ ಎಂಬುದನ್ನು ಬರಹದಲ್ಲಿ ಮೊದಲ ದಿನವೇ ಕೇಳಿಬಿಡಿ. ಅವರು ಉತ್ತರಿಸುವಷ್ಟರಲ್ಲಿ ಉಳಿದ ಕೆಲಸ ಮುಗಿದಿರುತ್ತದೆ.

ಆಮೇಲೆ ಬರೆಯಲು ಕೂತೆ. ಮೊದಲ ಕರಡು ಇನ್ನೂರ ನಲವತ್ತು ಪದ ಆಯಿತು. ತೊಟ್ಟಿ ಪಕ್ಕ ಕೂತು ನೋಡಿದ್ದೆಲ್ಲ ಅದರಲ್ಲಿತ್ತು: ಸೋಡಾ, ಸುಣ್ಣ, ನೊರೆ, ಸಕ್ಕರೆ. ಫೋನಿನಲ್ಲಿ ಹಾಕಿ ನೋಡಿದರೆ ಮೊದಲ ಮೂರು ಸಾಲು ಮಾತ್ರ ಕಾಣುತ್ತಿತ್ತು, ಉಳಿದದ್ದು ಒತ್ತಿ ತೆರೆಯಬೇಕು. ಬಣ್ಣ ಅಂಟುವ ವಿಷಯ ಹದಿನಾರನೇ ಸಾಲಿನಲ್ಲಿ ಕೂತಿತ್ತು. ಕಾಲರ್ ಕಳಿಸಿದವರು ಅಲ್ಲಿಯವರೆಗೆ ಓದುತ್ತಿದ್ದರಾ?

ಎರಡನೇ ಕರಡಿನಲ್ಲಿ ಉಲ್ಟಾ ಹೊಡೆದೆ. ‘ಬೇರೆ ಬಟ್ಟೆಯೊಂದಿಗೆ ಒಗೆಯಬಾರದು. ಬ್ಲೀಚ್ ಬಳಸಬಾರದು. ನೆನೆಸಬಾರದು. ಬಿಸಿಲಿಗೆ ಹಾಕಬಾರದು. ಹಿಂಡಬಾರದು.’ ಅಕ್ಕ ಓದಿ, “ಇದನ್ನು ಕೊಂಡುಕೊಳ್ಳಲೂಬಾರದು ಅಂತ ಒಂದು ಸೇರಿಸಿಬಿಡು” ಅಂದಳು.

ಆಗ ಒಂದು ಉಪಾಯ ಮಾಡಿದೆ. ಬರೆಯುವುದನ್ನು ಬಿಟ್ಟು ಅವಳನ್ನು ಕೇಳಿದೆ: “ನಿನ್ನ ಗೆಳತಿಗೆ ಈ ಸ್ಕಾರ್ಫ್ ಕೈಗೆ ಕೊಡುವಾಗ ಏನು ಹೇಳ್ತೀಯಾ?” ಅವಳು ಸ್ಕಾರ್ಫ್ ಮಡಿಸುತ್ತಲೇ ಹೇಳಿದಳು: “ಎಂಟು ಸಲ ಅದ್ದೀನಿ ನೋಡು, ಶುರುನಲ್ಲಿ ಸ್ವಲ್ಪ ಅಂಟುತ್ತೆ, ಬಿಳಿ ಅಂಗಿ ಮೇಲೆ ಹಾಕೋಬೇಡ. ಒಂದು ನಾಲ್ಕು ಸಲ ಒಗಿ, ಆಮೇಲೆ ಕಡಿಮೆ ಆಗುತ್ತೆ.” ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಕೇಳಿ ಬರೆದರೆ ಇಪ್ಪತ್ತು ಪದವೂ ಇರಲಿಲ್ಲ. ಮಾಡಿದ್ದು, ಅದರಿಂದ ಏನಾಗುತ್ತದೆ, ಏನು ಮಾಡಬೇಕು, ಎಲ್ಲಿಯವರೆಗೆ ಎಲ್ಲವೂ ಸರಿಯಾದ ಕ್ರಮದಲ್ಲೇ ಬಂದಿತ್ತು. ಎರಡು ವಾರದಿಂದ ನಾನು ಹುಡುಕುತ್ತಿದ್ದ ಆತ್ಮೀಯತೆ ಅವಳ ಬಾಯಲ್ಲಿ ವಿಶೇಷಣವೇ ಇಲ್ಲದೆ ಬಂತು. ‘ಪ್ರೀತಿಯಿಂದ’ ಎಂಬ ಪದವನ್ನು ಆವತ್ತೇ ಹೊಡೆದುಹಾಕಿದೆ.

ಗಾಢ ಸ್ಕಾರ್ಫಿಗೆ ಕೊನೆಗೆ ಉಳಿದದ್ದು ಇದು:

‘ಈ ಸ್ಕಾರ್ಫನ್ನು ಇಂಡಿಗೊ ತೊಟ್ಟಿಯಲ್ಲಿ ಎಂಟು ಸಲ ಅದ್ದಿದ್ದೇನೆ. ಹಸಿರಾಗಿ ಮೇಲೆ ಬರುತ್ತದೆ, ಗಾಳಿ ತಾಗಿದ ಮೇಲೆ ನೀಲಿಯಾಗುತ್ತದೆ. ಇಷ್ಟು ಗಾಢ ನೀಲಿ ಶುರುವಿನಲ್ಲಿ ಸ್ವಲ್ಪ ಅಂಟುತ್ತದೆ, ಬೆವರಿದಾಗ ಜಾಸ್ತಿ. ಮೊದಲ ನಾಲ್ಕು ಒಗೆತದವರೆಗೆ ಬಿಳಿ ಅಂಗಿಯ ಮೇಲೆ ಬೇಡ, ಒಗೆಯುವಾಗಲೂ ಇದೊಂದನ್ನೇ ಒಗೆಯಿರಿ. ಆಮೇಲೆ ಅಂಟುವುದು ಕಡಿಮೆಯಾಗುತ್ತ ಹೋಗುತ್ತದೆ. ತಣ್ಣೀರು, ಮೃದು ಸೋಪು ಸಾಕು. ಬ್ಲೀಚ್ ಇರುವ ಪುಡಿ ಹಾಕಿದರೆ ನೀಲಿ ಹೋಗಿಬಿಡುತ್ತದೆ. ಬಿಸಿಲಿಗೆ ಬಣ್ಣ ಮಾಸುತ್ತದೆ, ನೆರಳಲ್ಲಿ ಒಣಗಿಸಿ. ಪೂರ್ತಿ ಹತ್ತಿ.’

‘ಕಡಿಮೆಯಾಗುತ್ತ ಹೋಗುತ್ತದೆ’ ಎಂಬ ಮಾತಿನ ಮೇಲೆ ನಾನೂ ಅಕ್ಕನೂ ಅರ್ಧ ಗಂಟೆ ಜಗಳ ಆಡಿದ್ದೇವೆ. ‘ಆಮೇಲೆ ಅಂಟುವುದಿಲ್ಲ’ ಎಂದರೆ ಚಿಕ್ಕದಾಗುತ್ತದೆ, ಓದುವವರಿಗೂ ನೆಮ್ಮದಿ ಎಂದು ನಾನು. ಆರನೇ ಒಗೆತದ ಆ ಮಸುಕು ತುಂಡನ್ನು ಹಾಳೆಯಲ್ಲಿ ಬೆರಳಿಟ್ಟು ತೋರಿಸಿದಳು. ಅವಳೇ ಗೆದ್ದಳು.

ಹಾಕುವ ಮೊದಲು ಇಂಡಿಗೊ ಎಂದರೇನೆಂದೇ ಗೊತ್ತಿಲ್ಲದ ಒಬ್ಬ ಗೆಳತಿಗೆ ಒಂದೇ ಒಂದು ಸಲ ಓದಲು ಕೊಟ್ಟು, ಪರದೆ ಮುಚ್ಚಿ, “ನಾಳೆ ಇದನ್ನು ಹೇಗೆ ಒಗೀತೀಯ?” ಎಂದು ಕೇಳಿದೆ. ಆಗ ಕರಡಿನಲ್ಲಿ ‘ಪ್ರತ್ಯೇಕವಾಗಿ ಒಗೆಯಿರಿ’ ಎಂದಿತ್ತು. “ಬೇರೆ ಬಕೆಟ್‌ನಲ್ಲಿ, ನನ್ನ ಎಲ್ಲ ನೀಲಿ ಬಟ್ಟೆ ಜೊತೆ” ಅಂದಳು. ತಪ್ಪು ಅವಳದಲ್ಲ. ‘ಇದೊಂದನ್ನೇ’ ಎಂಬ ಪದ ಬಂದದ್ದು ಅವಳಿಂದ. ‘ಮೊದಲ ಕೆಲವು ಸಲ’ ಎಂದರೆ ಎಷ್ಟು ಎಂದೂ ಅವಳೇ ಕೇಳಿದ್ದು. ಹಾಳೆ ಇದ್ದುದರಿಂದ ನಾಲ್ಕು ಎಂದು ಹೇಳಲು ಆಯಿತು.

ಒಂದು ಬರೆದಾದ ಮೇಲೆ ಉಳಿದ 33ಕ್ಕೂ ಅದನ್ನೇ ಅಂಟಿಸಿಬಿಡುವ ಆಸೆ ಬಂತು, ಸುಳ್ಳು ಹೇಳುವುದಿಲ್ಲ. ತಿಳಿ ನೀಲಿ ಸ್ಕಾರ್ಫಿಗೂ ‘ಬಿಳಿ ಅಂಗಿ ಬೇಡ’ ಎಂದು ಅಂಟಿಸಿದ್ದೆ. ಅದು ಸುಮ್ನೆ ಹೆದರಿಸಿದ ಹಾಗೆ. ಹಾಗಾಗಿ ಎಷ್ಟು ಸಲ ಅದ್ದಿದ್ದು, ಯಾವ ನೂಲು ಎಂಬುದರ ಮೇಲೆ ವಸ್ತುಗಳನ್ನು ಐದು ಗುಂಪು ಮಾಡಿದೆ. ಸೋಪು, ಬ್ಲೀಚ್, ನೆರಳಿನ ಸಾಲು ಎಲ್ಲದಕ್ಕೂ ಒಂದೇ. ಅದ್ದಿದ ಲೆಕ್ಕ ಮತ್ತು ಅಂಟುವ ಸಾಲು ಗುಂಪಿಗೆ ತಕ್ಕ ಹಾಗೆ. ವಿಸ್ಕೋಸ್ ಇರುವುದಕ್ಕೆ ಮಾತ್ರ ಹೀಗೆ ಸೇರಿಸಿದೆ: ‘ಒದ್ದೆಯಾದಾಗ ಈ ನೂಲಿಗೆ ಶಕ್ತಿ ಕಡಿಮೆ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ.’ ಮೊದಲ ವಿವರಣೆಗೆ ವಾರಗಳೇ ಹೋಗಿದ್ದವು, ಉಳಿದವಕ್ಕೆ ಒಂದಕ್ಕೆ ಇಪ್ಪತ್ತು ನಿಮಿಷ. ಚರ್ಮದ ಹಿಡಿ ಇರುವ ಎರಡು ಚೀಲಗಳಲ್ಲಿ ಮಾತ್ರ ಸಿಕ್ಕಿಹಾಕಿಕೊಂಡೆ: ಬಟ್ಟೆ ಒಗೆಯಬೇಕು, ಚರ್ಮಕ್ಕೆ ನೀರು ಆಗದು. ಎಷ್ಟು ಬರೆದರೂ ಸರಿಹೋಗಲಿಲ್ಲ. ಕೊನೆಗೆ ಅಕ್ಕ ಹಿಡಿಗೆ ಗುಂಡಿ ಹಾಕಿ ಬಿಚ್ಚುವ ಹಾಗೆ ಮಾಡಿಕೊಟ್ಟಳು. ‘ಹಿಡಿ ಬಿಚ್ಚಿ ಒಗೆಯಿರಿ’ ಎಂದು ಮೂರು ಪದದಲ್ಲಿ ಮುಗಿಯಿತು.

ಕೊನೆಯ ವಾರದಲ್ಲಿ ಇನ್ನೊಂದು ತೋಚಿತು. ಉಡುಗೊರೆಯಾಗಿ ಪಡೆದವರು ನಮ್ಮ ವಿವರಣೆಯನ್ನು ನೋಡಿಯೇ ಇರುವುದಿಲ್ಲ. ಅವರಿಗಾಗಿ ಅದೇ ಮಾತನ್ನು ಬಿಳಿ ಕಾರ್ಡಿನಲ್ಲಿ ಅಚ್ಚು ಹಾಕಿಸಿ, ಸ್ಕಾರ್ಫಿನ ಮಡಿಕೆಯೊಳಗೆ ಇಟ್ಟೆವು. ಖರ್ಚು ಹೆಚ್ಚಲ್ಲ, ಆದರೆ ಮೊದಲ ಕಂತು ಪೂರ್ತಿ ದಂಡವಾಯಿತು. ನಾಲ್ಕು ದಿನ ಗಂಟಿನಲ್ಲಿದ್ದ ಕಾರ್ಡುಗಳನ್ನು ತೆಗೆದು ನೋಡಿದರೆ ಎಲ್ಲದರ ಅಂಚಿಗೂ ನೀಲಿ ಮೆತ್ತಿದೆ. ಒಂದೆರಡರಲ್ಲಿ ಅಕ್ಷರವೂ ಮಸುಕಾಗಿತ್ತು.

ಎರಡನೇ ಕಂತನ್ನು ತೆಳು ಕಾಗದದಲ್ಲಿ ಸುತ್ತಿ ಇಡೋಣ ಎಂದೆ. ಅಕ್ಕ ಅಂಚು ನೀಲಿಯಾದ ಒಂದು ಕಾರ್ಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದಳು. “ಗಾಢದ್ದಕ್ಕೆ ಹೀಗೇ ಇಡು,” ಅಂದಳು. “ಓದದೇ ಇರುವವರಿಗೂ ಗೊತ್ತಾಗುತ್ತೆ.” ಅಕ್ಷರ ಮಸುಕಾದ ಕಾರ್ಡುಗಳನ್ನು ತೆಗೆದಿಟ್ಟು, ಉಳಿದವನ್ನು ಹಾಗೇ ಇಟ್ಟು ಕಳಿಸುತ್ತಿದ್ದೇವೆ.